ನೆಗ್ಗಿದ ಟಿನ್, ಉಬ್ಬಿದ ಟಿನ್: ಅಣಬೆ ಡಬ್ಬಿ ಬಳಸ್ಬಹುದಾ ಬಿಸಾಕ್ಬೇಕಾ?

ಹೊಳೆಬದಿ_ಸುಮ
ಎಲ್ರಿಗೂ ನಮಸ್ಕಾರ. ನಾವು ತೀರ್ಥಹಳ್ಳಿ ಹತ್ರ ಸಣ್ಣದೊಂದು ಹೋಂಸ್ಟೇ ನಡೆಸ್ತೀವಿ. ಶನಿವಾರ ಬೆಂಗಳೂರಿಂದ 14 ಜನ ಬರ್ತಿದಾರೆ, ಅವ್ರಿಗೆ ಅಣಬೆ ಮಸಾಲೆ ಮಾಡಿ ಅಂತ ಹೇಳಿದ್ರು. ಮಳೇಲಿ ತಾಜಾ ಅಣಬೆ ಸಿಗೋ ಗ್ಯಾರಂಟಿ ಇಲ್ಲ ಅಂತ ಶಿವಮೊಗ್ಗ ಗಾಂಧಿಬಜಾರಲ್ಲಿ ಒಂದು ಹೋಲ್‌ಸೇಲ್ ಅಂಗಡೀಲಿ 800 ಗ್ರಾಂದು 6 ಟಿನ್ ತಂದ್ವಿ, ಅದ್ರಲ್ಲಿ 3 ನೆಗ್ಗಿದಾವೆ ಅಂತ ಸ್ವಲ್ಪ ಕಮ್ಮಿಗೆ ಕೊಟ್ಟ. ಮನೆಗೆ ಬಂದು ನೋಡಿದ್ರೆ ಒಂದು ಹೊಟ್ಟೆ ಹತ್ರ ನೆಗ್ಗಿದೆ, ಇನ್ನೊಂದು ಮೇಲಿನ ಅಂಚಲ್ಲೇ ನೆಗ್ಗಿದೆ, ಮೂರನೇದು ಪಕ್ಕದಲ್ಲಿ ದೊಡ್ಡ ನೆಗ್ಗು ಜೊತೆಗೆ ಮುಚ್ಚಳ ಸ್ವಲ್ಪ ಉಬ್ಬಿದ ಹಂಗೆ ಕಾಣ್ತಿದೆ. ನಮ್ಮ ಯಜಮಾನ್ರು ಎಂತ ಆಗಲ್ಲ ಚೆನ್ನಾಗಿ ಕುದಿಸು ಅಂತಾರೆ, ನಂಗೆ ಮನಸ್ಸು ಒಪ್ತಿಲ್ಲ. ಕೆಟ್ಟ ಡಬ್ಬಿ ಊಟದಿಂದ ಬೊಟುಲಿಸಂ ಅನ್ನೋ ವಿಷದ ಕಾಯಿಲೆ ಬರುತ್ತೆ ಅಂತ ಎಲ್ಲೋ ಓದಿದ್ದೆ. ತಿಳಿದವ್ರು ಹೇಳಿ, ಅತಿಥಿಗಳಿಗೆ ಬಡಿಸೋದು, ನಮ್ಮನೆಗೆ ಮಾತ್ರ ಆಗಿದ್ರೆ ಇಷ್ಟು ಕೇಳ್ತಿರ್ಲಿಲ್ಲ.

ವಿನೋಬನಗರ_ರಾಘು
ಕ್ಯಾನ್ ನೆಗ್ಗಿದ್ರೆ ವಾಪಸ್ ಕೊಡಿ ಮೇಡಂ, ನಮ್ಮನೆಗೆ ಬರೋ 20 ಲೀಟರ್ ನೀರಿನ ಕ್ಯಾನೂ ಹಂಗೇ ಸೊಟ್ಟಗಾಗಿರೋದು ಬರ್ತಾವೆ, ನಾನು ತಗೊಳ್ಳೋದೇ ಇಲ್ಲ. ಒಳಗೆ ಹಸಿರು ಪಾಚಿ ಕಟ್ಟಿರುತ್ತೆ.

ಹೊಳೆಬದಿ_ಸುಮ
ರಾಘು ಅವ್ರೇ ಇದು ನೀರಿನ ಕ್ಯಾನ್ ಅಲ್ಲ, ತಗಡಿನ ಡಬ್ಬಿಯೊಳಗೆ ಸೀಲ್ ಮಾಡಿದ ಅಣಬೆ.

ಅಡಿಗೆ_ಭಟ್ರು_ಶಿವಮೊಗ್ಗ
ನಾನು 30 ವರ್ಷದಿಂದ ಮದ್ವೆ ಅಡಿಗೆ ಮಾಡ್ತಿದೀನಿ, ಅನಾನಸ್ ಟಿನ್, ಚೆರ್ರಿ ಟಿನ್, ರಸಗುಲ್ಲ ಟಿನ್ ಎಲ್ಲ ನೆಗ್ಗಿರೋದೇ ಜಾಸ್ತಿ ಬರೋದು, ಲಾರೀಲಿ ಎತ್ತಾಕ್ತಾರಲ್ಲ. ಇವತ್ತಿನವರೆಗೂ ಒಬ್ರಿಗೂ ಎಂತದೂ ಆಗಿಲ್ಲ. ಅಣಬೆ ಆದ್ರೆ ತೆಗೆದು 10 ನಿಮಿಷ ಬುಳುಬುಳು ಕುದಿಸಿ ನೀರು ಚೆಲ್ಲಿ, ಆ ಬೊಟುಲಿಸಂ ವಿಷ ಕುದಿಸಿದ್ರೆ ಹೋಗ್ತದೆ ಅಂತ ನಂಗೆ ಒಬ್ರು ಡಾಕ್ಟ್ರೇ ಹೇಳಿದಾರೆ.

ಹಳೇ_ಕ್ಯಾನಿಂಗ್_ಕೈ
ಸುಮ ಅವ್ರೇ, ನಾನು 22 ವರ್ಷ ಹಣ್ಣು ತರಕಾರಿ ಡಬ್ಬಿಗೆ ತುಂಬೋ ಫ್ಯಾಕ್ಟರೀಲಿ ಕ್ವಾಲಿಟಿ ವಿಭಾಗದಲ್ಲಿದ್ದೆ, ಈಗ ರಿಟೈರ್ ಆಗಿ ಸೊರಬದ ಕಡೆ ತೋಟ ನೋಡ್ಕೊಂಡಿದೀನಿ. ಯಾವ ಡಬ್ಬಿನೂ ಇನ್ನೂ ಓಪನ್ ಮಾಡ್ಬೇಡಿ. ಮೂರು ವಿಷಯ ನೋಡಿ ಹೇಳಿ.

ಒಂದನೇದು, ಡಬ್ಬಿಯ ಮೇಲೆ ಕೆಳಗೆ ಮುಚ್ಚಳ ಮತ್ತೆ ಗೋಡೆ ಒಂದಕ್ಕೊಂದು ಮಡಿಚಿ ಕೂಡಿರೋ ಉಬ್ಬಿದ ಅಂಚು ಇರುತ್ತಲ್ಲ, ಅದನ್ನ ನಾವು ಡಬಲ್ ಸೀಮ್ ಅಂತಿದ್ವಿ. ಬೆರಳಿಟ್ಟು ಸುತ್ತ ಸವರಿ, ನೆಗ್ಗು ಆ ಅಂಚನ್ನ ಮುಟ್ಟಿದೆಯಾ ನೋಡಿ. ಎರಡನೇದು, ಹೆಬ್ಬೆರಳಲ್ಲಿ ಮುಚ್ಚಳದ ನಡುವೆ ಒತ್ತಿ, ಸರಿ ಇರೋ ಡಬ್ಬಿ ಮುಚ್ಚಳ ಒಳಗೆ ಸ್ವಲ್ಪ ತಗ್ಗಾಗಿ ಗಟ್ಟಿಯಾಗಿರುತ್ತೆ, ಅಲ್ಲಾಡಲ್ಲ. ಟಕ್ ಅಂತ ಒಳಗೆ ಹೋಗಿ ವಾಪಸ್ ಬಂತಾ, ಅಥವಾ ಇಲ್ಲಿ ಒತ್ತಿದ್ರೆ ಕೆಳಗಿನ ಮುಚ್ಚಳ ಹೊರಗೆ ಬಂತಾ ಹೇಳಿ. ಮೂರನೇದು, ಮುಚ್ಚಳದ ಮೇಲೆ ಅಚ್ಚು ಹಾಕಿರೋ ಬ್ಯಾಚ್ ನಂಬರ್ ಆರಕ್ಕೂ ಒಂದೇನಾ ಬೇರೆ ಬೇರೆನಾ.

ಭಟ್ರೇ, ನಿಮ್ಮ ಮಾತು ಅರ್ಧ ನಿಜ, ಅದರ ಬಗ್ಗೆ ಆಮೇಲೆ ಬರೀತೀನಿ, ಅನಾನಸ್ಸಿಗೂ ಅಣಬೆಗೂ ದೊಡ್ಡ ವ್ಯತ್ಯಾಸ ಇದೆ.

ಆಗುಂಬೆ_ಬೈಕರ್
ಟೆನ್ಷನ್ ಬೇಡ ಅಕ್ಕ, ಉಬ್ಬೋದು ಎತ್ತರದಿಂದ. ಉಡುಪಿ ಕಡೆಯಿಂದ ಚಿಪ್ಸ್ ಪ್ಯಾಕೆಟ್ ತಗೊಂಡು ಆಗುಂಬೆ ಘಾಟಿ ಹತ್ತಿದ್ರೆ ಮೇಲೆ ಬರೋಷ್ಟರಲ್ಲಿ ಬಲೂನ್ ತರ ಉಬ್ಬಿರುತ್ತೆ, ಎಷ್ಟೋ ಸಲ ನೋಡಿದೀನಿ. ಕೆಳಗೆ ಪ್ಯಾಕ್ ಮಾಡಿದ ಡಬ್ಬಿನೂ ಮೇಲೆ ಬಂದಾಗ ಹಂಗೇ ಆಗಿರುತ್ತೆ, ಗಾಳಿ ಒತ್ತಡ ಅಷ್ಟೇ.

ಹಳೇ_ಕ್ಯಾನಿಂಗ್_ಕೈ
ಬೈಕರ್ ತಮ್ಮ, ಚಿಪ್ಸ್ ಪ್ಯಾಕೆಟ್ ವಿಷಯ ನೀನು ಹೇಳಿದ್ದು ಸರಿ, ಯಾಕಂದ್ರೆ ಅದರೊಳಗೆ ಕೆಳಗಿನ ಗಾಳಿ ಒತ್ತಡದಲ್ಲೇ ಗ್ಯಾಸ್ ತುಂಬಿರ್ತಾರೆ. ತಗಡಿನ ಡಬ್ಬಿ ಹಂಗಲ್ಲ. ಅದನ್ನ ಬಿಸಿ ಇದ್ದಾಗ ಇಲ್ಲಾ ಆವಿ ಹಾಯಿಸಿ ಮುಚ್ತಾರೆ, ತಣ್ಣಗಾದಾಗ ಒಳಗೆ ವ್ಯಾಕ್ಯೂಮ್ ಆಗುತ್ತೆ, ಮುಚ್ಚಳ ತಗ್ಗಾಗಿರೋದು ಅದಕ್ಕೇ. ಸಮುದ್ರ ಮಟ್ಟದಿಂದ ಆಗುಂಬೆಗೆ ಸುಮಾರು 650 ಮೀಟರ್, ಅಷ್ಟಕ್ಕೆ ಗಾಳಿ ಒತ್ತಡ ಶೇಕಡಾ 7ರಷ್ಟು ಕಮ್ಮಿ ಆಗಬಹುದು. ಚೆನ್ನಾಗಿ ಮುಚ್ಚಿದ ಡಬ್ಬಿಯೊಳಗಿನ ವ್ಯಾಕ್ಯೂಮ್ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತೆ. ನಮ್ಮ ಘಟ್ಟ ಹತ್ತಿದ್ದಕ್ಕೆ ಡಬ್ಬಿ ಉಬ್ಬಿತು ಅಂದ್ರೆ ಅದರೊಳಗೆ ವ್ಯಾಕ್ಯೂಮ್ ಮೊದಲೇ ಹೋಗಿತ್ತು ಅಂತಲೇ ಅರ್ಥ. ಈ ಘಾಟಿ ಲೆಕ್ಕ ನಂಬಿ ಯಾರೂ ಉಬ್ಬಿದ ಡಬ್ಬಿ ತಿನ್ಬೇಡಿ ದಯವಿಟ್ಟು.

ಹೊಳೆಬದಿ_ಸುಮ
ನೋಡಿದೆ ಸರ್. ಹೊಟ್ಟೆ ಹತ್ರ ನೆಗ್ಗಿದ್ದು ಸಣ್ಣದು, ನೆಗ್ಗಿನ ಮೇಲೆ ಬೆರಳಾಡಿಸಿದ್ರೆ ನುಣುಪಾಗೇ ಇದೆ, ಮುಚ್ಚಳ ಎರಡೂ ಕಡೆ ಗಟ್ಟಿ. ಅಂಚಲ್ಲಿ ನೆಗ್ಗಿದ್ದು ಸೀಮ್ ಮೇಲೇ ಇದೆ, ಆ ಮಡಿಕೆ ಒಂದು ಕಡೆ ಚಪ್ಪಟೆಯಾಗಿ ಒಳಗೆ ಹೋಗಿದೆ, ಅಲ್ಲಿ ಲೇಬಲ್ ಮೇಲೆ ಒಂದು ಸಣ್ಣ ಒಣಗಿದ ಕಲೆ ಇದೆ, ಕಂದು ಬಣ್ಣ, ತುಕ್ಕೋ ಒಳಗಿನ ನೀರೋ ಗೊತ್ತಾಗ್ಲಿಲ್ಲ. ಮೂರನೇದು ಮೇಲೆ ಒತ್ತಿದ್ರೆ ಟಕ್ ಅಂತ ಕೆಳಗಡೆ ಮುಚ್ಚಳ ಹೊರಗೆ ಬಂತು, ನಂಗೆ ಕೈ ನಡುಗಿತು. ಬ್ಯಾಚ್ ನಂಬರ್ ಆರಕ್ಕೂ ಒಂದೇ. ಉಳಿದ ಮೂರು ಹೊಸದರ ತರ ಇದಾವೆ.

ಹಳೇ_ಕ್ಯಾನಿಂಗ್_ಕೈ
ಒಳ್ಳೇದು, ಇಷ್ಟು ಸರಿಯಾಗಿ ನೋಡಿ ಹೇಳಿದ್ರಲ್ಲ, ಈಗ ಒಂದೊಂದಾಗಿ ಹೇಳ್ತೀನಿ.

ಹೊಟ್ಟೆ ಹತ್ರ ಸಣ್ಣಗೆ ನುಣುಪಾಗಿ ನೆಗ್ಗಿದ್ದು, ಚೂಪು ಮಡಿಕೆ ಇಲ್ಲ, ಸೀಮಿಂದ ದೂರ ಇದೆ, ಮುಚ್ಚಳ ಗಟ್ಟಿ: ಅದನ್ನ ಬಳಸಿ. ತಗಡು ಬಗ್ಗುತ್ತೆ, ಬಗ್ಗಿದ್ದಕ್ಕೆಲ್ಲ ತೂತಾಗಲ್ಲ. ನೆಗ್ಗು ಬೆರಳು ಕೂರೋಷ್ಟು ಆಳ ಇದ್ರೆ, ಇಲ್ಲಾ ಕಾಗದ ಮಡಚಿದ ಹಂಗೆ ಚೂಪಾಗಿದ್ರೆ ನಾನು ಇದನ್ನ ಹೇಳ್ತಿರ್ಲಿಲ್ಲ.

ಅಂಚಲ್ಲಿ ನೆಗ್ಗಿದ್ದು ಬೇಡ. ಆ ಮಡಿಕೆಯೊಳಗೆ ಒಂದು ತೆಳು ರಬ್ಬರ್ ತರದ ಪಟ್ಟಿ ಇರುತ್ತೆ, ಸೀಲ್ ಹಿಡಿಯೋದು ಅದೇ. ಮಡಿಕೆ ಚಪ್ಪಟೆ ಆದ್ರೆ ಕಣ್ಣಿಗೆ ಕಾಣದಷ್ಟು ಸಂದಿ ಬಿಡುತ್ತೆ, ಒಳಗೆ ವ್ಯಾಕ್ಯೂಮ್ ಇರೋದ್ರಿಂದ ಹೊರಗಿನ ತೇವನ ಅದೇ ಒಳಗೆ ಎಳ್ಕೊಳ್ಳುತ್ತೆ. ನೀವು ಹೇಳಿದ ಕಂದು ಕಲೆ ನೋಡಿದ್ರೆ ನಂಗೆ ಅಲ್ಲಿ ಸೋರಿದೆ ಅಂತಲೇ ಅನ್ಸುತ್ತೆ. ಹಿಂಗೆ ಸೋರಿದ ಡಬ್ಬಿಗೆ ಸಾಮಾನ್ಯವಾಗಿ ಹೋಗೋದು ಹತ್ತಾರು ತರದ ಬ್ಯಾಕ್ಟೀರಿಯಾ, ಕೊಳೆತು ನಾತ ಬರುತ್ತೆ, ಜನ ತೆಗೆದ ತಕ್ಷಣ ಬಿಸಾಕ್ತಾರೆ. ಬೊಟುಲಿಸಂ ಬರೋದು ಅಪರೂಪ. ಆದ್ರೆ ಅಪರೂಪ ಅಂದ್ರೆ ಇಲ್ಲವೇ ಇಲ್ಲ ಅಂತಲ್ಲ. 1978ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಲ್ಲಿ ಅಲಾಸ್ಕಾದಿಂದ ಬಂದ ಒಂದೇ ಒಂದು ಸಾಲ್ಮನ್ ಮೀನಿನ ಡಬ್ಬಿ ತಿಂದ ನಾಲ್ವರಿಗೆ ಬೊಟುಲಿಸಂ ಬಂತು, ಇಬ್ರು ತೀರ್ಕೊಂಡ್ರು. ಆ ಡಬ್ಬೀಲಿ ಒಂದು ಸಣ್ಣ ತೂತಿತ್ತು, ಬೇಯಿಸಿ ಆದ್ಮೇಲೆ ಅದರಿಂದ ಬ್ಯಾಕ್ಟೀರಿಯಾ ಒಳಗೆ ಹೋಗಿತ್ತು. ನಮ್ಮ ವಿಭಾಗದಲ್ಲಿ ಹೊಸಬರು ಯಾರೇ ಬಂದ್ರೂ ಮೊದಲು ಹೇಳ್ತಿದ್ದ ಕತೆ ಇದು.

ಮೂರನೇದು, ಟಕ್ ಅಂತ ಕೆಳಗೆ ಬಂದಿದ್ದು, ಅದನ್ನ ಸ್ಪ್ರಿಂಗರ್ ಅಂತಾರೆ. ಇಲ್ಲಿ ಒಂದು ಗೊಂದಲ ಇದೆ, ಪಕ್ಕದಲ್ಲಿ ದೊಡ್ಡ ನೆಗ್ಗು ಬಿದ್ರೆ ಒಳಗಿನ ಜಾಗ ಕಮ್ಮಿಯಾಗಿ ಬರೀ ಅದಕ್ಕೇ ಮುಚ್ಚಳ ಹೊರಗೆ ತಳ್ಳಿರಬಹುದು, ಒಳಗಿನ ಅಣಬೆ ಸರಿಯಾಗೇ ಇರಬಹುದು. ಇಲ್ಲಾ ಒಳಗೆ ಗ್ಯಾಸ್ ಹುಟ್ಟಿರಬಹುದು. ಹೊರಗಿಂದ ನೋಡಿ ಯಾವುದು ಅಂತ ಹೇಳೋಕೆ ನನ್ನ ಕೈಲೂ ಆಗಲ್ಲ, ಯಾರ ಕೈಲೂ ಆಗಲ್ಲ, ಲ್ಯಾಬಲ್ಲಿ ನೋಡ್ಬೇಕು. ಹಂಗಾಗಿ ಬಿಸಾಕಿ.

ಅಡಿಗೆ_ಭಟ್ರು_ಶಿವಮೊಗ್ಗ
ಸರಿ ಸ್ವಾಮಿ, ಆದ್ರೆ ಅರ್ಧ ನಿಜ ಅಂದ್ರಲ್ಲ, ಅದು ಹೆಂಗೆ? ನಾನು ಸುಳ್ಳು ಹೇಳಿಲ್ಲ.

ಹಳೇ_ಕ್ಯಾನಿಂಗ್_ಕೈ
ಸುಳ್ಳು ಅಂತ ಹೇಳ್ತಿಲ್ಲ ಭಟ್ರೇ, ನಿಮ್ಮ 30 ವರ್ಷದ ಅನುಭವ ಬಹುಪಾಲು ಅನಾನಸ್ಸು ಚೆರ್ರಿ ರಸಗುಲ್ಲದ್ದು. ಬೊಟುಲಿಸಂ ತರೋ ಬ್ಯಾಕ್ಟೀರಿಯಾ ಇರೋದು ಮಣ್ಣಲ್ಲಿ, ಬೀಜದ ತರ ಗಟ್ಟಿ ಚಿಪ್ಪಿನೊಳಗೆ ಮಲಗಿರುತ್ತೆ, ಅದೇ ಸ್ಪೋರು. ಗಾಳಿ ಇಲ್ಲದ ಜಾಗ, ಹುಳಿ ಇಲ್ಲದ ತಿಂಡಿ, ತೇವ, ಬೆಚ್ಚಗಿನ ಹವೆ ನಾಲ್ಕೂ ಸೇರಿದ್ರೆ ಎದ್ದು ಬೆಳೆದು ವಿಷ ಮಾಡುತ್ತೆ. ಪಿಎಚ್ 4.6ಕ್ಕಿಂತ ಕಮ್ಮಿ ಇದ್ರೆ, ಅಂದ್ರೆ ಅಷ್ಟು ಹುಳಿ ಇದ್ರೆ, ಅದು ಏಳೋದೇ ಇಲ್ಲ. ಅನಾನಸ್ಸು ಅದಕ್ಕಿಂತ ತುಂಬಾ ಹುಳಿ. ರಸಗುಲ್ಲ ಹುಳಿ ಅಲ್ಲ, ಅಲ್ಲಿ ಸಕ್ಕರೆ ಪಾಕ ಸ್ವಲ್ಪ ಮಟ್ಟಿಗೆ ಕಾಯಬಹುದು. ಅಣಬೆ, ಸ್ವೀಟ್ ಕಾರ್ನ್, ಬೇಬಿ ಕಾರ್ನ್, ಎಳೆ ಹಲಸು, ಮೀನು, ಇವಕ್ಕೆಲ್ಲ ಹುಳಿ ಇಲ್ಲ, ಅದ್ರಲ್ಲೂ ಅಣಬೆ ಗೊಬ್ಬರದ ಮೇಲೆ ಬೆಳೆಯೋದು.

ಕುದಿಸೋ ವಿಷಯ. ವಿಷ ಕುದಿಸಿದ್ರೆ ಹೋಗ್ತದೆ ಅನ್ನೋದು ನಿಜ, 10 ನಿಮಿಷ ಪೂರ್ತಿ ಕುದಿ ಬಂದ್ರೆ ವಿಷ ಮುರಿದು ಬೀಳುತ್ತೆ. ಆದ್ರೆ ಸ್ಪೋರು 100 ಡಿಗ್ರೀಲಿ ಗಂಟೆಗಟ್ಲೆ ಕುದಿಸಿದ್ರೂ ಬದುಕುತ್ತೆ, ಅದಕ್ಕೇ ಫ್ಯಾಕ್ಟರೀಲಿ ರಿಟಾರ್ಟ್ ಅಂತ ದೊಡ್ಡ ಕುಕ್ಕರಲ್ಲಿ ಡಬ್ಬಿಯ ನಟ್ಟನಡುವೆ 121 ಡಿಗ್ರಿ ಮುಟ್ಟಿ ಸುಮಾರು 3 ನಿಮಿಷ ನಿಂತಷ್ಟು ಬಿಸಿ ಸಿಗೋ ಹಂಗೆ ನೋಡ್ಕೋತೀವಿ. ಇನ್ನೊಂದು, ಉಬ್ಬಿದ ಡಬ್ಬಿ ಓಪನರ್ ಹಾಕಿದ ಕೂಡ್ಲೇ ಚಿಮ್ಮುತ್ತೆ, ಕೈಗೆ ಕಟ್ಟೆಗೆ ಪಕ್ಕದಲ್ಲಿರೋ ಕೊತ್ತಂಬರಿ ಸೊಪ್ಪಿಗೆಲ್ಲ ಹಾರುತ್ತೆ. ಆ ಕೊತ್ತಂಬರಿನ ಯಾರೂ 10 ನಿಮಿಷ ಕುದಿಸಲ್ಲ. ಉಪ್ಪು ಸರಿ ಇದೆಯಾ ಅಂತ ಮೊದಲೇ ಒಂದು ತುಂಡು ಬಾಯಿಗೆ ಹಾಕೋ ಅಭ್ಯಾಸ ಎಲ್ಲ ಅಡಿಗೆಯವ್ರಿಗೂ ಇದ್ದೇ ಇದೆ. ಈ ವಿಷಕ್ಕೆ ಒಂದು ತುಂಡು ಸಾಕು.

ನರ್ಸಕ್ಕ_ಹೊಸನಗರ
ಹೇಳೋದು ಅಪರೂಪದ ವಿಷಯ ಆದ್ರೂ ನಮ್ಮ ಕಡೆಯವ್ರಿಗೆ ಗೊತ್ತಿರ್ಲಿ ಅಂತ ಬರೀತಿದೀನಿ. ಬೊಟುಲಿಸಂ ಅಂದ್ರೆ ವಾಂತಿ ಭೇದಿ ಅಂತಲೇ ಎಲ್ರೂ ಅಂದ್ಕೋತಾರೆ, ಅದು ಶುರುವಲ್ಲಿ ಸ್ವಲ್ಪ ಇರಬಹುದು ಇಲ್ಲದೇನೂ ಇರಬಹುದು. ಸಾಮಾನ್ಯವಾಗಿ ತಿಂದು 12ರಿಂದ 36 ಗಂಟೆಯೊಳಗೆ, ಕೆಲವ್ರಿಗೆ ಕೆಲವು ದಿನ ಬಿಟ್ಟು, ರೆಪ್ಪೆ ಜೋತು ಬೀಳುತ್ತೆ, ಒಂದು ವಸ್ತು ಎರಡಾಗಿ ಕಾಣುತ್ತೆ, ಬಾಯಿ ಒಣಗುತ್ತೆ, ಮಾತು ತೊದಲುತ್ತೆ, ನುಂಗೋಕಾಗಲ್ಲ, ಆಮೇಲೆ ಕೈ ಕಾಲು ಉಸಿರಿಗೆ ಇಳಿಯುತ್ತೆ. ಜ್ವರ ಇರಲ್ಲ, ಪ್ರಜ್ಞೆ ಪೂರ್ತಿ ಇರುತ್ತೆ. ಮಲೆನಾಡಲ್ಲಿ ಬೆಳಿಗ್ಗೆ ಎದ್ದಾಗ ರೆಪ್ಪೆ ಬಿದ್ದಿದೆ ಮಾತು ಬರ್ತಿಲ್ಲ ಅಂತ ಯಾರನ್ನಾದ್ರೂ ಕರ್ಕೊಂಡು ಬಂದ್ರೆ ನಮ್ಮ ತಲೆಗೆ ಮೊದಲು ಬರೋದು ಕಟ್ಟುಹಾವು, ಅದು ರಾತ್ರಿ ಕಚ್ಚಿದ್ರೂ ನೋವಿರಲ್ಲ, ಗಾಯ ಕಾಣಲ್ಲ, ಲಕ್ಷಣ ಹೆಚ್ಚುಕಮ್ಮಿ ಇದೇ. ಇನ್ನು ಕೆಲವ್ರು ಸ್ಟ್ರೋಕ್ ಅಂತಾರೆ. ಅದಕ್ಕೆ ಆಸ್ಪತ್ರೆಗೆ ಹೋದಾಗ ಹಿಂದಿನ ಎರಡು ಮೂರು ದಿನ ಡಬ್ಬಿಯದ್ದು, ಬಾಟಲಿಯಲ್ಲಿ ಮುಚ್ಚಿಟ್ಟಿದ್ದು ಏನಾದ್ರೂ ತಿಂದಿದ್ರೆ ಕೇಳದಿದ್ರೂ ಹೇಳಿ, ಅದೇ ಊಟ ಮಾಡಿದ ಇನ್ನೊಬ್ರಿಗೆ ಹಿಂಗಾಗಿದ್ರೆ ಅದನ್ನಂತೂ ಮೊದಲು ಹೇಳಿ. ಆಂಟಿಟಾಕ್ಸಿನ್ ಅನ್ನೋ ಔಷಧಿ ವಿಷ ಮುಂದೆ ಹರಡೋದನ್ನ ನಿಲ್ಲಿಸುತ್ತೆ, ನರಕ್ಕೆ ಆಗಲೇ ಅಂಟಿದ ವಿಷನ ಬಿಡಿಸಲ್ಲ, ಅದಕ್ಕೇ ತಡ ಆದಷ್ಟೂ ವೆಂಟಿಲೇಟರಲ್ಲಿ ವಾರಗಟ್ಲೆ ಇರ್ಬೇಕಾಗುತ್ತೆ.

ಸಾಗರದ_ಅತ್ತಿಗೆ
ಇದೆಲ್ಲ ಓದಿ ನಂಗೆ ಗಾಬರಿ ಆಯ್ತು. ನಾನು ಅಂಗಡಿ ಟಿನ್ ತರೋದೇ ಇಲ್ಲ, ಮನೇಲೇ ಮಾಡೋದು. ಈ ವರ್ಷ ಕಳಲೆ ಚೆನ್ನಾಗಿ ಸಿಕ್ತು, ಹೆಚ್ಚಿ ಮೂರು ದಿನ ನೀರು ಬದಲಾಯಿಸಿ ನೆನೆಸಿ, ಉಪ್ಪಿನ ಭರಣಿಗೆ ಹಾಕಿದ್ರೆ ಬೆಂಗಳೂರಲ್ಲಿರೋ ಮಗಳು ಉಪ್ಪು ಜಾಸ್ತಿ ಅಂತಾಳೆ ಅಂತ ಈ ಸಲ ಸ್ವಲ್ಪವೇ ಉಪ್ಪು ಹಾಕಿ ಬೇಯಿಸಿ ಗಾಜಿನ ಬಾಟಲಿಗೆ ತುಂಬಿ, ಮುಚ್ಚಳ ಬಿಗಿ ಮಾಡಿ, ಬಾಟಲಿ ಸಮೇತ ದೊಡ್ಡ ಪಾತ್ರೇಲಿ ಒಂದು ಗಂಟೆ ಕುದಿಸಿದೆ. ವಿಡಿಯೋ ನೋಡಿ ಮಾಡಿದ್ದು. 8 ಬಾಟಲಿ ಇದೆ, 2 ಮಗಳಿಗೆ ಕಳ್ಸಿದೀನಿ. ಒಂದರ ಮುಚ್ಚಳ ನಿನ್ನೆ ಸ್ವಲ್ಪ ಮೇಲೆದ್ದ ಹಂಗಿತ್ತು, ಹುಳಿ ಬಂದಿರಬೇಕು ಅಂದ್ಕೊಂಡೆ. ಇದು ಅದಕ್ಕೆ ಸೇರುತ್ತಾ?

ಹಳೇ_ಕ್ಯಾನಿಂಗ್_ಕೈ
ಅತ್ತಿಗೆ, ಮೊದಲು ಮಗಳಿಗೆ ಫೋನ್ ಮಾಡಿ, ಆ ಬಾಟಲಿ ಮುಟ್ಬೇಡ ಅಂತ ಈಗಲೇ ಹೇಳಿ. ಆಮೇಲೆ ಇದನ್ನ ಓದಿ.

ಸುಮ ಅವ್ರ ನೆಗ್ಗಿದ ಡಬ್ಬಿಗಿಂತ ನಂಗೆ ನಿಮ್ಮ ಬಾಟಲಿನೇ ಜಾಸ್ತಿ ಭಯ. 2006ರ ಮಾರ್ಚಲ್ಲಿ ಥಾಯ್ಲೆಂಡಿನ ನಾನ್ ಅನ್ನೋ ಪ್ರಾಂತ್ಯದಲ್ಲಿ ಒಂದು ಊರಿನ ಧಾರ್ಮಿಕ ಕಾರ್ಯಕ್ರಮದ ಊಟದಲ್ಲಿ ಹಿಂಗೇ ಊರವ್ರೇ ಡಬ್ಬಿಗೆ ತುಂಬಿಟ್ಟ ಕಳಲೆ ಬಡಿಸಿದ್ರು. 209 ಜನ ಆಸ್ಪತ್ರೆಗೆ ಬಂದ್ರು, 42 ಜನಕ್ಕೆ ವೆಂಟಿಲೇಟರ್ ಬೇಕಾಯ್ತು. ಹೊರದೇಶಗಳಿಂದ ಆಂಟಿಟಾಕ್ಸಿನ್ ತರಿಸಿದ್ರು, ಪುಣ್ಯಕ್ಕೆ ಯಾರೂ ಸಾಯ್ಲಿಲ್ಲ. ಅವ್ರೂ ಕಳಲೆನ ಕುದಿಸೇ ಮುಚ್ಚಿದ್ದು. ಕುದಿಯೋ ನೀರು 100 ಡಿಗ್ರಿ ದಾಟಲ್ಲ, ಬೇರೆ ಕ್ರಿಮಿಯೆಲ್ಲ ಸತ್ತವು, ಮಣ್ಣಿಂದ ಬಂದ ಸ್ಪೋರು ಮಾತ್ರ ಉಳೀತು, ಪೈಪೋಟಿಗೆ ಯಾರೂ ಇಲ್ಲ, ಗಾಳಿ ಇಲ್ಲ, ಹುಳಿ ಇಲ್ಲ.

ನಮ್ಮಜ್ಜಿ ಭರಣೀಲಿ ಇಟ್ಟ ಕಳಲೆ, ಉಪ್ಪು ಸೊಳೆ, ಮಿಡಿ ಉಪ್ಪಿನಕಾಯಿ ಇವೆಲ್ಲ ನಡೀತಿದ್ದಿದ್ದು ಯಾಕಂದ್ರೆ ಕೈತುಂಬ ಉಪ್ಪು. ನೀರಿನಂಶದಲ್ಲಿ ಶೇಕಡಾ 10ರಷ್ಟು ಉಪ್ಪಿದ್ರೆ ಈ ಬ್ಯಾಕ್ಟೀರಿಯಾ ಬೆಳೆಯಲ್ಲ. ಉಪ್ಪು ಕಮ್ಮಿ ಮಾಡಿ ಗಾಳಿ ಆಡದ ಹಂಗೆ ಬಿಗಿ ಮುಚ್ಚಳ ಹಾಕಿದ್ದೇ ಇಲ್ಲಿ ತಪ್ಪಾಗಿದ್ದು. ಕಮ್ಮಿ ಉಪ್ಪಿಂದೇ ಬೇಕು ಅಂದ್ರೆ ಬೇಯಿಸಿ ಫ್ರೀಜರಲ್ಲಿಡಿ. ಈ 8 ಬಾಟಲಿ ಮಾತ್ರ ತೆಗೆಯೋದೂ ಬೇಡ, ಮೂಸೋದೂ ಬೇಡ.

ಸಾಗರದ_ಅತ್ತಿಗೆ
ಫೋನ್ ಮಾಡಿದೆ. ಒಂದು ಬಾಟಲಿ ಮೂರು ವಾರದ ಹಿಂದೆ ಪಲ್ಯ ಮಾಡಿ ತಿಂದಾಯ್ತಂತೆ, ಏನೂ ಆಗಿಲ್ಲ ಅಂದ್ಲು, ಇನ್ನೊಂದು ಹಂಗೇ ಇದೆ. ನನ್ನ ಕೈಕಾಲೇ ಬಿದ್ದುಹೋಯ್ತು. ಅಷ್ಟು ಕಳಲೆ ಕಡಿದು ತಂದಿದ್ದು ನಮ್ಮ ಮಾವ, ಅವ್ರಿಗೆ 74 ವರ್ಷ, ಬಿಸಾಕ್ತೀನಿ ಅಂದ್ರೆ ಬೇಜಾರು ಮಾಡ್ಕೋತಾರೆ, ಆದ್ರೂ ಬಿಸಾಕ್ತೀನಿ. ಒಂದು ಕೇಳ್ಬೇಕಿತ್ತು, ಕುಕ್ಕರಲ್ಲಿ ಬಾಟಲಿ ಇಟ್ಟು ಆರೇಳು ವಿಷಲ್ ಹಾಕಿಸಿದ್ರೆ ಆಗುತ್ತಾ ಮುಂದಿನ ವರ್ಷ?

ಆಗುಂಬೆ_ಬೈಕರ್
ಆಗ್ಬೇಕಲ್ಲ, ಕುಕ್ಕರೂ 120 ಡಿಗ್ರಿ ಹೋಗುತ್ತೆ ಅಂತ ಸ್ಕೂಲಲ್ಲೇ ಹೇಳಿದ್ರು.

ಹಳೇ_ಕ್ಯಾನಿಂಗ್_ಕೈ
ಕುಕ್ಕರಿನ ಆವಿ 120ರ ಹತ್ರ ಹೋಗುತ್ತೆ, ಅದು ನಿಜ. ಆದ್ರೆ ಬಾಟಲಿ ನಟ್ಟನಡುವೆ ಇರೋ ಕಳಲೆ ತುಂಡು ಅಷ್ಟಾಗೋಕೆ ಎಷ್ಟು ಹೊತ್ತು ಬೇಕು ಅನ್ನೋದು ಬಾಟಲಿ ಗಾತ್ರ, ತುಂಬಿದ ದಟ್ಟಣೆ ಎಲ್ಲದರ ಮೇಲೆ ಹೋಗುತ್ತೆ. ನಾವು ಫ್ಯಾಕ್ಟರೀಲಿ ಡಬ್ಬಿಯೊಳಗೆ ತಂತಿ ಬಿಟ್ಟು ಉಷ್ಣಾಂಶ ಅಳೆದು ಟೈಮ್ ಹಾಕ್ತಿದ್ವಿ. ವಿಷಲ್ ಲೆಕ್ಕದಲ್ಲಿ ಅದು ಗೊತ್ತಾಗಲ್ಲ. ನಾನಾಗಿದ್ರೆ ಮಾಡಲ್ಲ.

ಆಗುಂಬೆ_ಬೈಕರ್
ಒಂದು ಗಂಟೆ ಬಿಟ್ರೂ ಆಗಲ್ವಾ? ಸುಮ್ನೆ ಹೆದರಿಸಿದ ಹಂಗಾಯ್ತು ಅನ್ಸುತ್ತೆ ನಂಗೆ. ಹೊರದೇಶದಲ್ಲಿ ಮನೇಲೇ ಮಾಡ್ತಾರಲ್ಲ.

ಹಳೇ_ಕ್ಯಾನಿಂಗ್_ಕೈ
ಅಲ್ಲಿ ಅದಕ್ಕೇ ಅಂತ ಗೇಜ್ ಇರೋ ದೊಡ್ಡ ಪಾತ್ರೆ ಬೇರೆ ಇದೆ, ಪ್ರತಿ ತರಕಾರಿಗೂ ಅಳೆದು ನೋಡಿ ಮಾಡಿದ ಟೈಮ್ ಪಟ್ಟಿ ಇದೆ. ನಮ್ಮ 5 ಲೀಟರ್ ಕುಕ್ಕರಿಗೂ ಕಳಲೆಗೂ ಅಂಥ ಪಟ್ಟಿ ನಾನೆಲ್ಲೂ ನೋಡಿಲ್ಲ ತಮ್ಮ.

ಹೊಳೆಬದಿ_ಸುಮ
ಸರ್ ಒಂದು ಬಾಕಿ ಇದೆ, ಚೆನ್ನಾಗಿರೋ ಮೂರು ಟಿನ್ನಿನ ಬ್ಯಾಚೂ ಅದೇ ಅಂದೆನಲ್ಲ, ಅವನ್ನ ಬಳಸ್ಲಾ? ಮತ್ತೆ ಆ ಎರಡನ್ನ ಎಲ್ಲಿ ಹಾಕ್ಲಿ, ಗೊಬ್ಬರದ ಗುಂಡಿಗಾ?

ಹಳೇ_ಕ್ಯಾನಿಂಗ್_ಕೈ
ಬ್ಯಾಚ್ ಕೇಳಿದ್ದು ಅದಕ್ಕೇ. ಒಂದೇ ಬ್ಯಾಚಿನ, ಹೊರಗೆ ಒಂದು ಗೆರೆ ಕೂಡ ಇಲ್ಲದ ಡಬ್ಬಿಗಳು ಎರಡು ಮೂರು ಉಬ್ಬಿದ್ರೆ ಅದು ಫ್ಯಾಕ್ಟರೀಲಿ ಸರಿಯಾಗಿ ಬೇಯದೇ ಇರೋ ಲಕ್ಷಣ, ಬೊಟುಲಿಸಂ ವಿಷಯದಲ್ಲಿ ನಾವು ಹೆಚ್ಚು ಹೆದರ್ತಿದ್ದಿದ್ದು ಅದಕ್ಕೆ, ಆಗ ಬ್ಯಾಚ್ ಪೂರ್ತಿ ಹೊರಗೆ. ನಿಮ್ಮಲ್ಲಿ ಉಬ್ಬಿದ್ದು ಒಂದೇ, ಅದಕ್ಕೂ ನೆಗ್ಗಿನ ಕಾರಣ ಇದೆ. ಹಂಗಾಗಿ ಉಳಿದ ಮೂರು ಮುಚ್ಚಳ ಗಟ್ಟಿ ಇದ್ರೆ ಬಳಸಬಹುದು. ತೆಗೆಯುವಾಗ ಒಳಗೆ ಗಾಳಿ ಎಳ್ಕೊಳ್ಳೋ ಸಣ್ಣ ಸದ್ದು ಬರ್ಬೇಕು. ಹೊರಗೆ ಚಿಮ್ಮಿದ್ರೆ, ನೊರೆ ಬಂದ್ರೆ, ನೀರು ತೀರಾ ಕದಡಿದ್ರೆ ಬೇಡ. ಆದ್ರೆ ವಾಸನೆ ಚೆನ್ನಾಗಿದೆ ಅಂತ ಅದೊಂದನ್ನೇ ನಂಬ್ಬೇಡಿ, ಎಲ್ಲ ಸಲ ವಾಸನೆ ಬರಲ್ಲ.

ಗೊಬ್ಬರದ ಗುಂಡಿಗೆ ಬೇಡ, ನಾಯಿ ಕೋಳಿ ಕೆದಕ್ತಾವೆ. ಎರಡು ಡಬ್ಬಿನೂ ದಪ್ಪ ಪ್ಲಾಸ್ಟಿಕ್ ಕವರಲ್ಲಿ ಒಂದರೊಳಗೊಂದು ಹಾಕಿ ಟೇಪ್ ಸುತ್ತಿ, ಬ್ಯಾಚ್ ನಂಬರ್ ಫೋಟೋ ತೆಗೆದು, ಅಂಗಡಿಗೆ ವಾಪಸ್ ಕೊಡಿ. ಅವ್ನು ಮತ್ತೆ ಇನ್ಯಾರಿಗೋ ಮಾರ್ತಾನೆ ಅನ್ಸಿದ್ರೆ ಕೊಡ್ಬೇಡಿ, ಫುಡ್ ಸೇಫ್ಟಿ ಕನೆಕ್ಟ್ ಆಪಲ್ಲಿ ಫೋಟೋ ಸಮೇತ ದೂರು ಹಾಕಿ. ಸೋರಿದ ಡಬ್ಬಿ ಇಟ್ಟ ಜಾಗನ ಬ್ಲೀಚಿಂಗ್ ನೀರಲ್ಲಿ ಒರೆಸಿ, ಅರ್ಧ ಗಂಟೆ ಬಿಟ್ಟು ತೊಳೀರಿ, ಕೈಗೆ ಗ್ಲೌಸ್ ಇರ್ಲಿ. ಅತ್ತಿಗೆ, ನಿಮ್ಮ ಬಾಟಲಿಗೂ ಹಂಗೇ ಕವರ್ ಹಾಕಿ ಟೇಪ್ ಸುತ್ತಿ ಕಸದ ಗಾಡಿಗೆ ಕೊಡಿ.

ಅಡಿಗೆ_ಭಟ್ರು_ಶಿವಮೊಗ್ಗ
ಮಳೆಗಾಲದಲ್ಲಿ ನಮ್ಮ ಗೋಡೌನಲ್ಲಿ ಟಿನ್ನೆಲ್ಲ ತುಕ್ಕು ಹಿಡೀತಾವೆ, ಅದಕ್ಕೇನು ಮಾಡೋದು ಸ್ವಾಮಿ? ಇವತ್ತೇ ಹೋಗಿ ಎಲ್ಲ ಎಣಿಸ್ತೀನಿ.

ಹಳೇ_ಕ್ಯಾನಿಂಗ್_ಕೈ
ಬಟ್ಟೇಲಿ ಉಜ್ಜಿದ್ರೆ ಹೋಗೋ ತುಕ್ಕಿಗೆ ಏನಿಲ್ಲ ಭಟ್ರೇ. ಉಜ್ಜಿದ ಮೇಲೂ ಉಗುರಿಗೆ ಗುಳಿ ತಾಗಿದ್ರೆ, ಅದ್ರಲ್ಲೂ ಸೀಮ್ ಹತ್ರ ಇದ್ರೆ, ತೆಗೆದಿಡಿ. ನೆಲದ ಮೇಲೆ ಇಡ್ಬೇಡಿ, ಹಲಗೆ ಮೇಲಿಡಿ, ಗೋಡೆಯಿಂದ ದೂರ. ಉಬ್ಬಿದ ಅನಾನಸ್ ಡಬ್ಬಿನೂ ಬೇಡ, ಅದು ಹುಳಿ ತಗಡನ್ನ ತಿಂದು ಗ್ಯಾಸ್ ಆಗಿರೋದೇ ಹೆಚ್ಚು, ಆದ್ರೆ ಹೊರಗಿಂದ ಹೇಳೋಕಾಗಲ್ಲ.

ಹೊಳೆಬದಿ_ಸುಮ
ಅಂಗಡಿಗೆ ಫೋನ್ ಮಾಡಿದ್ವಿ, ನೆಗ್ಗಿದ್ದು ಅಂತ ಹೇಳೇ ಕೊಟ್ಟಿದ್ದು ವಾಪಸ್ ತಗೊಳಲ್ಲ ಅಂದ. ಎರಡನ್ನೂ ಕವರಿಗೆ ಹಾಕಿ ಟೇಪ್ ಸುತ್ತಿ ಶೆಡ್ಡಲ್ಲಿ ಎತ್ತರಕ್ಕೆ ಇಟ್ಟಿದೀವಿ, ಆಪಲ್ಲಿ ದೂರು ಹಾಕ್ತಿದೀನಿ. ಯಜಮಾನ್ರು ಎಲ್ಲ ಓದಿದ್ರು, ಏನೂ ಮಾತಾಡ್ಲಿಲ್ಲ, ಎದ್ದು ಹೋಗಿ ಸ್ಟೋರ್‌ರೂಮಲ್ಲಿದ್ದ ಸ್ವೀಟ್ ಕಾರ್ನ್ ಡಬ್ಬಿ ಒಂದೊಂದೇ ಒತ್ತಿ ನೋಡ್ತಿದಾರೆ.